ಪಿ.ಎಫ್‌ನಲ್ಲಿ ಒಂದು ತಾರೀಖು, ರೆಸ್ಯೂಮೆಯಲ್ಲಿ ಇನ್ನೊಂದು: ಯಾವುದನ್ನು ಇಟ್ಟುಕೊಳ್ಳಬೇಕು?

ಪ್ರಶ್ನೆ: ಸರ್, ನಾನು ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನ ಫ್ರಂಟ್ ಆಫೀಸಿನಲ್ಲಿದ್ದೆ. ಬಿಟ್ಟ ಮೇಲೆ ಕೆಲವು ತಿಂಗಳು ಚಿಕ್ಕಪ್ಪನ ಹೋಮ್‌ಸ್ಟೇ ನೋಡಿಕೊಂಡೆ. ಈಗ ಬೆಂಗಳೂರಿನ ಕಂಪನಿಯೊಂದರಿಂದ ಆಫರ್ ಬಂದಿದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಫಾರಂ ಕಳಿಸಿದ್ದಾರೆ. ನನ್ನ ರೆಸ್ಯೂಮೆಯಲ್ಲಿ ‘ಫ್ರಂಟ್ ಆಫೀಸ್ ಸೂಪರ್‌ವೈಸರ್, 2021–2024’ ಅಂತ ಇದೆ. ಲಿಂಕ್ಡ್‌ಇನ್‌ನಲ್ಲಿ ಜೂನ್ 2021ರಿಂದ ಮಾರ್ಚ್ 2024ರವರೆಗೆ ಅಂತ ಹಾಕಿದ್ದೇನೆ. ಪಿ.ಎಫ್ ನೋಡಿದರೆ ಸೆಪ್ಟೆಂಬರ್ 2021ರಿಂದ ಶುರುವಾಗಿದೆ. ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ಹುದ್ದೆ ‘ಗೆಸ್ಟ್ ಸರ್ವಿಸ್ ಅಸೋಸಿಯೇಟ್’. ತಲೆನೋವೇ ಬೇಡ ಅಂತ ಎಲ್ಲಾ ಕಡೆ ಪಿ.ಎಫ್ ತಾರೀಖನ್ನೇ ಹಾಕಿಬಿಡಲಾ?
— ವಿರಾಜಪೇಟೆಯ ಓದುಗರು

ಉತ್ತರ: ಬೇಡ, ಹಾಗೆ ಮಾಡಬೇಡಿ. ಪಿ.ಎಫ್ ತಾರೀಖು ಅಂದರೆ ನೀವು ಪಿ.ಎಫ್‌ಗೆ ಸೇರಿದ ದಿನ. ಕೆಲಸಕ್ಕೆ ಸೇರಿದ ದಿನ ಬೇರೆ ಇರಬಹುದು. ನಿಮ್ಮ ವಿಷಯದಲ್ಲಿ ಬೇರೆಯೇ ಇದೆ. ಎಲ್ಲಾ ಕಡೆ ಸೆಪ್ಟೆಂಬರ್ ಅಂತ ಬರೆದರೆ ಪಿ.ಎಫ್‌ಗೆ ಹೊಂದುತ್ತದೆ ನಿಜ. ಆದರೆ ರೆಸಾರ್ಟಿನ ಎಚ್.ಆರ್ ಜೂನ್ ಅಂತ ಉತ್ತರ ಕೊಟ್ಟರೆ, ಇಲ್ಲದ ತಕರಾರನ್ನು ನೀವೇ ಹುಟ್ಟಿಸಿದ ಹಾಗಾಗುತ್ತದೆ.

ವೆರಿಫಿಕೇಷನ್ ಹೇಗೆ ನಡೆಯುತ್ತದೆ ಅಂತ ಮೊದಲು ನೋಡೋಣ. ಹೊಸ ಕಂಪನಿ ಸಾಮಾನ್ಯವಾಗಿ ಈ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಡುತ್ತದೆ. ನೀವು ಫಾರಂನಲ್ಲಿ ತುಂಬಿದ್ದನ್ನು ಅವರು ಹಳೇ ಕಂಪನಿಯ ಎಚ್.ಆರ್‌ಗೆ ಮೇಲ್ ಮಾಡುತ್ತಾರೆ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಉದ್ಯೋಗಿ ಸಂಖ್ಯೆ, ಬಿಟ್ಟ ಕಾರಣ, ಇವೆಲ್ಲ ಸರಿಯಿದೆಯಾ ಅಂತ ಕೇಳುತ್ತಾರೆ. ಎಚ್.ಆರ್‌ನವರು ಕಡತ ನೋಡಿ ಉತ್ತರ ಬರೆಯುತ್ತಾರೆ. ನೀವು ಅಲ್ಲಿ ಎಷ್ಟು ದುಡಿದಿರಿ, ಹುಡುಗರು ನಿಮ್ಮನ್ನು ಏನಂತ ಕರೀತಿದ್ದರು ಅನ್ನೋದು ಕಡತದಲ್ಲಿ ಇರೋದಿಲ್ಲ. ಎಷ್ಟೋ ಕಡೆ ಇದರ ಜೊತೆಗೆ ನಿಮ್ಮ ಪಿ.ಎಫ್‌ನ ಯು.ಎ.ಎನ್ ಸಂಖ್ಯೆ ತೆಗೆದುಕೊಂಡು ಪಿ.ಎಫ್ ದಾಖಲೆಯನ್ನೂ ನೋಡುತ್ತಾರೆ. ಕೊನೆಗೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ವ್ಯತ್ಯಾಸ ಇದೆಯೋ ಅದನ್ನು ಗುರುತು ಹಾಕಿ ವರದಿ ಕೊಡುತ್ತಾರೆ. ಆ ವ್ಯತ್ಯಾಸವನ್ನು ಒಪ್ಪಬೇಕಾ ಬೇಡವಾ ಅಂತ ತೀರ್ಮಾನಿಸೋದು ಹೊಸ ಕಂಪನಿ. ಎರಡು ಮೂರು ದಿನದ ಫರಕಿಗೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ತಿಂಗಳುಗಟ್ಟಲೆ ಫರಕು, ದೊಡ್ಡದಾಗಿ ಬರೆದ ಹುದ್ದೆ, ಒಂದೇ ಕಾಲದಲ್ಲಿ ಎರಡು ಕೆಲಸ, ಇವಕ್ಕೆ ಮಾತ್ರ ಪ್ರಶ್ನೆ ಬಂದೇ ಬರುತ್ತದೆ.

ಹಾಗಾಗಿ ಫಾರಂ ಮುಟ್ಟುವ ಮೊದಲು ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಳ್ಳಿ. ನೀವು ಕಳಿಸಿದ ಪ್ರತಿಗಳಲ್ಲಿ ನನಗೆ ಕಂಡದ್ದು ಇಷ್ಟು. ಟ್ರೈನಿ ಲೆಟರಿನಲ್ಲಿ ಸೇರಿದ ದಿನ 14 ಜೂನ್ 2021. ಆಗ ಸ್ಟೈಪೆಂಡ್ ಮಾತ್ರ, ಪಿ.ಎಫ್ ಇಲ್ಲ. 1 ಸೆಪ್ಟೆಂಬರ್ 2021ಕ್ಕೆ ಅಪಾಯಿಂಟ್‌ಮೆಂಟ್ ಲೆಟರ್ ಬಂದಿದೆ, ಗೆಸ್ಟ್ ಸರ್ವಿಸ್ ಅಸೋಸಿಯೇಟ್ ಅಂತ. ಏಪ್ರಿಲ್ 2023ರ ಇನ್‌ಕ್ರಿಮೆಂಟ್ ಲೆಟರಿನಲ್ಲಿ ಅದು ‘ಸೀನಿಯರ್ ಗೆಸ್ಟ್ ಸರ್ವಿಸ್ ಅಸೋಸಿಯೇಟ್’ ಆಗಿದೆ. ರಿಲೀವಿಂಗ್ ಲೆಟರಿನಲ್ಲಿ ಕೊನೆಯ ದಿನ 29 ಫೆಬ್ರವರಿ 2024. ಸೂಪರ್‌ವೈಸರ್ ಅನ್ನೋ ಪದ ಯಾವ ಕಾಗದದಲ್ಲೂ ಇಲ್ಲ.

ಈಗ ತಾರೀಖಿಗೆ ಬರೋಣ. ಜೂನ್ ಮತ್ತು ಸೆಪ್ಟೆಂಬರ್ ನಡುವಿನ ಅಂತರಕ್ಕೆ ನಿಮ್ಮ ಹತ್ತಿರ ಟ್ರೈನಿ ಲೆಟರ್ ಇದೆ. ಅದನ್ನು ಮುಚ್ಚಿಡುವುದೇನೂ ಬೇಡ. ರೆಸ್ಯೂಮೆಯಲ್ಲಿ ಅದೇ ರೆಸಾರ್ಟಿನ ಹೆಸರಿನ ಕೆಳಗೆ ಮೂರು ಸಾಲು ಬರೆಯಿರಿ: ಟ್ರೈನಿ, ಜೂನ್ 2021ರಿಂದ ಆಗಸ್ಟ್ 2021, ಗೆಸ್ಟ್ ಸರ್ವಿಸ್ ಅಸೋಸಿಯೇಟ್, ಸೆಪ್ಟೆಂಬರ್ 2021ರಿಂದ ಮಾರ್ಚ್ 2023, ಸೀನಿಯರ್ ಗೆಸ್ಟ್ ಸರ್ವಿಸ್ ಅಸೋಸಿಯೇಟ್, ಏಪ್ರಿಲ್ 2023ರಿಂದ ಫೆಬ್ರವರಿ 2024. ಪಿ.ಎಫ್ ನೋಡಿದವರಿಗೆ ಎರಡನೇ ಸಾಲು ಹೊಂದುತ್ತದೆ. ಎಚ್.ಆರ್ ಜೂನ್ ಅಂದರೆ ಮೊದಲನೇ ಸಾಲು ಹೊಂದುತ್ತದೆ. ಬರೀ ‘2021–2024’ ಅಂತ ಬರೆದರೆ ಓದಿದವರಿಗೆ ಮೂರು ವರ್ಷದ ಹತ್ತಿರ ಅನ್ನಿಸುತ್ತದೆ ಅಂತ ಕೆಲವರು ಬೇಕಂತಲೇ ಹಾಗೆ ಬರೆಯುತ್ತಾರೆ. ವೆರಿಫಿಕೇಷನ್ ಫಾರಂ ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತದೆ. ಅಲ್ಲಿ ಆ ಆಟ ನಡೆಯೋದಿಲ್ಲ.

ಲಿಂಕ್ಡ್‌ಇನ್‌ನಲ್ಲಿ ಮಾರ್ಚ್ 2024 ಹೇಗೆ ಬಂತು ಅಂತ ನೀವೇ ಬರೆದಿದ್ದೀರಿ. ಫೈನಲ್ ಸೆಟಲ್‌ಮೆಂಟ್ ದುಡ್ಡು ಬಂದದ್ದು ಮಾರ್ಚಿನಲ್ಲಿ, ಪಿ.ಎಫ್ ಪಾಸ್‌ಬುಕ್ಕಿನ ಕೊನೆಯ ಜಮೆಯೂ ಮಾರ್ಚಿನದ್ದೇ. ಇದು ತುಂಬಾ ಜನ ಎಡವುವ ಜಾಗ. ಫೆಬ್ರವರಿ ಸಂಬಳದ ಪಿ.ಎಫ್ ಕಟ್ಟಲು ಕಂಪನಿಗೆ ಮಾರ್ಚ್ 15ರವರೆಗೆ ಸಮಯ ಇರುತ್ತದೆ. ಹಾಗಾಗಿ ದುಡ್ಡು ಜಮೆಯಾದ ದಿನವನ್ನು ಬಿಟ್ಟು ಅದು ಯಾವ ತಿಂಗಳ ಸಂಬಳದ್ದು ಅನ್ನೋದನ್ನು ನೋಡಬೇಕು. ಬಿಟ್ಟ ದಿನ ಅಂದರೆ ರಿಲೀವಿಂಗ್ ಲೆಟರಿನಲ್ಲಿರುವ ಕೊನೆಯ ಕೆಲಸದ ದಿನ, ಅಷ್ಟೇ. ರಾಜೀನಾಮೆ ಕೊಟ್ಟ ದಿನವೂ ಅಲ್ಲ, ಲೆಟರ್ ಕೈಗೆ ಸಿಕ್ಕ ದಿನವೂ ಅಲ್ಲ.

ಪಿ.ಎಫ್‌ನ ಮೆಂಬರ್ ಪೋರ್ಟಲ್‌ಗೆ ಹೋಗಿ `View > Service History` ತೆರೆದು ನೋಡಿ. ರೆಸಾರ್ಟಿನ ಸಾಲಿನಲ್ಲಿ ಬಿಟ್ಟ ತಾರೀಖು ಖಾಲಿ ಇದ್ದರೆ ದಾಖಲೆಯ ಪ್ರಕಾರ ನೀವು ಇನ್ನೂ ಅಲ್ಲೇ ಇದ್ದೀರಿ. ನಾಳೆ ಹೊಸ ಕಂಪನಿ ಪಿ.ಎಫ್ ಶುರು ಮಾಡಿದಾಗ ಎರಡು ಕೆಲಸ ಒಟ್ಟಿಗೆ ಇರುವ ಹಾಗೆ ಕಾಣುತ್ತದೆ. ಕೊನೆಯ ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ನೀವೇ `Manage > Mark Exit` ಒಳಗೆ ತಾರೀಖು ತುಂಬಬಹುದು. ಆಧಾರ್ ಜೊತೆ ಜೋಡಿಸಿದ ಮೊಬೈಲಿಗೆ ಒ.ಟಿ.ಪಿ ಬರುತ್ತದೆ. ಕೊನೆಯ ಜಮೆ ಯಾವ ತಿಂಗಳ ಸಂಬಳದ್ದೋ ಆ ತಿಂಗಳ ದಿನವನ್ನೇ ಹಾಕಬೇಕು. ನಿಮಗದು ಫೆಬ್ರವರಿ, ಆದ್ದರಿಂದ 29 ಅಂತ ಹಾಕಿ. ಒತ್ತುವ ಮೊದಲು ಇನ್ನೊಂದು ಸಲ ನೋಡಿಕೊಳ್ಳಿ. ಒಮ್ಮೆ ಹಾಕಿದ್ದನ್ನು ಅದೇ ಜಾಗದಲ್ಲಿ ತಿದ್ದಲು ಆಗೋದಿಲ್ಲ, ಜಾಯಿಂಟ್ ಡಿಕ್ಲರೇಷನ್ ಅನ್ನೋ ತಿದ್ದುಪಡಿ ಅರ್ಜಿಯ ದಾರಿ ಹಿಡಿಯಬೇಕಾಗುತ್ತದೆ.

ಅದೇ ಪುಟದಲ್ಲಿ ಇನ್ನೊಂದನ್ನೂ ಗಮನಿಸಿ. ಕೊಡಗಿನ ಎಷ್ಟೋ ರೆಸಾರ್ಟುಗಳ ಬೋರ್ಡಿನ ಮೇಲೆ ಒಂದು ಹೆಸರು, ಸಂಬಳದ ಚೀಟಿಯ ಮೇಲೆ ಇನ್ನೊಂದು ಕಂಪನಿಯ ಹೆಸರು. ಪಿ.ಎಫ್‌ನಲ್ಲಿ ಬರೋದು ಎರಡನೆಯದು. ಫಾರಂನಲ್ಲಿ ಸಂಬಳದ ಚೀಟಿಯ ಹೆಸರನ್ನೇ ಬರೆಯಿರಿ, ಪಕ್ಕದಲ್ಲಿ ರೆಸಾರ್ಟಿನ ಹೆಸರು ಸೇರಿಸಿ.

ಹುದ್ದೆಯ ವಿಷಯ ಸ್ವಲ್ಪ ಸೂಕ್ಷ್ಮ. ನೀವು ರಾತ್ರಿ ಶಿಫ್ಟಿನಲ್ಲಿ ನಾಲ್ಕು ಜನರನ್ನು ನೋಡಿಕೊಳ್ಳುತ್ತಿದ್ದಿರಿ, ಕ್ಯಾಶ್ ಟ್ಯಾಲಿ ಮಾಡುತ್ತಿದ್ದಿರಿ, ಮ್ಯಾನೇಜರ್ ಇಲ್ಲದಾಗ ಎಲ್ಲಾ ನಿಮ್ಮ ಮೇಲೇ ಇತ್ತು ಅಂತ ಬರೆದಿದ್ದೀರಿ. ನಂಬುತ್ತೇನೆ. ಸಣ್ಣ ಜಾಗಗಳಲ್ಲಿ ಕೆಲಸ ಸೂಪರ್‌ವೈಸರದ್ದು, ಕಾಗದ ಮಾತ್ರ ಅಸೋಸಿಯೇಟದ್ದು. ಅನ್ಯಾಯವೇ, ಅಲ್ವಾ? ಆದರೂ ಹುದ್ದೆಯ ಜಾಗದಲ್ಲಿ ಲೆಟರಿನ ಪದವೇ ಇರಬೇಕು. ಮಾಡಿದ ಕೆಲಸವನ್ನು ಅದರ ಕೆಳಗೆ ಬರೆಯಿರಿ: ‘ರಾತ್ರಿ ಶಿಫ್ಟಿನಲ್ಲಿ ನಾಲ್ಕು ಸಿಬ್ಬಂದಿಯ ಉಸ್ತುವಾರಿ, ದಿನದ ಕ್ಯಾಶ್ ಟ್ಯಾಲಿ, ಗುಂಪು ಬುಕಿಂಗ್‌ಗಳ ಚೆಕ್-ಇನ್.’ ಇದನ್ನು ಯಾರೂ ಸುಳ್ಳು ಅನ್ನಲಾರರು, ಇಂಟರ್‌ವ್ಯೂನಲ್ಲಿ ಹುದ್ದೆಯ ಹೆಸರಿಗಿಂತ ಇದೇ ಜಾಸ್ತಿ ತೂಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ಹೆಡ್‌ಲೈನ್‌ನಲ್ಲಿ ನಿಮ್ಮ ಕೆಲಸವನ್ನು ನಿಮ್ಮ ಮಾತಿನಲ್ಲೇ ಹೇಳಿಕೊಳ್ಳಬಹುದು. ಅನುಭವದ ಪಟ್ಟಿಯಲ್ಲಿ ಮಾತ್ರ ಲೆಟರಿನ ಹುದ್ದೆ. ತಿದ್ದುವಾಗ `Notify network` ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಹಳೇ ಬದಲಾವಣೆಗೆಲ್ಲ ಜನ ಅಭಿನಂದನೆ ಹೇಳೋಕೆ ಶುರು ಮಾಡುತ್ತಾರೆ. ನೌಕ್ರಿಯಲ್ಲಿ ಪ್ರೊಫೈಲ್ ಇದ್ದರೆ ಅಲ್ಲಿ ಎರಡು ಜಾಗ ನೋಡಬೇಕು: ನೀವು ತುಂಬಿದ ವಿವರ ಒಂದು, ಹಿಂದೆಂದೋ ಅಪ್‌ಲೋಡ್ ಮಾಡಿದ ಹಳೇ ರೆಸ್ಯೂಮೆ ಇನ್ನೊಂದು.

ಇನ್ನು ಚಿಕ್ಕಪ್ಪನ ಹೋಮ್‌ಸ್ಟೇ. 20ಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಜಾಗಕ್ಕೆ ಸಾಮಾನ್ಯವಾಗಿ ಪಿ.ಎಫ್ ಕಡ್ಡಾಯ ಅಲ್ಲ. ಹಾಗಾಗಿ ಆ ತಿಂಗಳುಗಳು ಪಿ.ಎಫ್‌ನಲ್ಲಿ ಕಾಣದೇ ಇರೋದು ಸಹಜ. ಪ್ರಶ್ನೆ ಒಂದೇ: ಸಂಬಳ ಬಂತಾ? ಬ್ಯಾಂಕಿಗೆ ಬಂದಿದ್ದರೆ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ, ತಾರೀಖು ಮತ್ತು ಕೆಲಸ ಹೇಳುವ ಒಂದು ಪತ್ರವನ್ನು ಚಿಕ್ಕಪ್ಪನಿಂದ ತೆಗೆದುಕೊಳ್ಳಿ, ಕೆಲಸ ಅಂತಲೇ ತೋರಿಸಿ. ಸಂಬಳವಿಲ್ಲದೆ ಮನೆಯ ಕೆಲಸ ಅಂತ ಮಾಡಿದ್ದರೆ ಅದನ್ನು ‘ಕುಟುಂಬದ ಹೋಮ್‌ಸ್ಟೇಯಲ್ಲಿ ಸಹಾಯ’ ಅಂತಲೇ ಬರೆಯಿರಿ. ಮನೆಯ ತೋಟ, ಕಾಫಿ ಕೊಯ್ಲು ಅಂತ ಕೆಲವು ತಿಂಗಳು ಊರಲ್ಲಿ ಉಳಿಯೋದು ನಮ್ಮ ಕಡೆ ಹೊಸದೇನಲ್ಲ. ಅದನ್ನು ಹಾಗೇ ಹೇಳಿದರೆ ಸಾಕು. ಲಿಂಕ್ಡ್‌ಇನ್‌ನಲ್ಲಿ ಹೋಮ್‌ಸ್ಟೇ ಕೆಲಸವನ್ನು ನೀವು ಫೆಬ್ರವರಿ 2024ರಿಂದ ಅಂತ ಹಾಕಿದ್ದೀರಿ, ರೆಸಾರ್ಟಿನ ಕೊನೆಯ ತಿಂಗಳೂ ಅದೇ. ಲಿಂಕ್ಡ್‌ಇನ್ ತಿಂಗಳು ಮಾತ್ರ ತೋರಿಸುವುದರಿಂದ ಎರಡೂ ಒಟ್ಟಿಗೆ ನಡೆದ ಹಾಗೆ ಕಾಣುತ್ತದೆ. ಶುರು ಮಾಡಿದ್ದು ಮಾರ್ಚಿನಲ್ಲಿ ಅಂತ ನೀವೇ ಹೇಳಿದ್ದೀರಿ, ಹಾಗಾಗಿ ಮಾರ್ಚ್ ಅಂತ ತಿದ್ದಿ.

ಕಷ್ಟದ ಭಾಗ ಏನೆಂದರೆ, ಸೂಪರ್‌ವೈಸರ್ ಅಂತ ಇರುವ ರೆಸ್ಯೂಮೆ ಆಗಲೇ ಕಂಪನಿ ಕೈಯಲ್ಲಿದೆ. ಫಾರಂನಲ್ಲಿ ಸುಮ್ನೆ ಬೇರೆ ಹುದ್ದೆ ಬರೆದು ಕಳಿಸಿದರೆ ಅವರದೇ ಕಡತದಲ್ಲಿ ಎರಡು ಉತ್ತರ ಇರುತ್ತವೆ. ಏಜೆನ್ಸಿ ಹೇಳುವ ಮೊದಲು ನೀವೇ ಹೇಳಿಬಿಡಿ. ನಿಮಗೆ ಆಫರ್ ಕಳಿಸಿದ ಎಚ್.ಆರ್‌ಗೆ ಒಂದು ಚಿಕ್ಕ ಮೇಲ್ ಸಾಕು: ರೆಸ್ಯೂಮೆಯಲ್ಲಿ ಸೂಪರ್‌ವೈಸರ್ ಅಂತ ಬರೆದದ್ದು ಮಾಡುತ್ತಿದ್ದ ಕೆಲಸದ ಪ್ರಕಾರ, ದಾಖಲೆಯಲ್ಲಿರುವ ಹುದ್ದೆ ಸೀನಿಯರ್ ಗೆಸ್ಟ್ ಸರ್ವಿಸ್ ಅಸೋಸಿಯೇಟ್, ಸೇರಿದ ಮತ್ತು ಬಿಟ್ಟ ದಿನ ಇಂತಿಂಥದ್ದು, ಪಿ.ಎಫ್ ಸೆಪ್ಟೆಂಬರಿನಿಂದ ಇರಲು ಕಾರಣ ಟ್ರೈನಿ ಅವಧಿ, ಲೆಟರುಗಳನ್ನೂ ತಿದ್ದಿದ ರೆಸ್ಯೂಮೆಯನ್ನೂ ಲಗತ್ತಿಸಿದ್ದೇನೆ. ಉದ್ದನೆಯ ಕ್ಷಮಾಪಣೆ ಬೇಡ. ಸೂಪರ್‌ವೈಸರ್ ಅನುಭವವನ್ನೇ ನೋಡಿ ಸಂಬಳ ನಿಗದಿ ಮಾಡಿದ್ದರೆ ಅವರು ಮತ್ತೆ ಮಾತಾಡಬಹುದು, ಆಫರ್ ವಾಪಸ್ ತೆಗೆದುಕೊಳ್ಳಲೂಬಹುದು. ಇದು ಇಲ್ಲ ಅಂತ ಹೇಳಲಾರೆ. ಆದರೆ ಸೇರಿದ ಮೇಲೆ ವರದಿ ಬಂದು ಕೆಲಸ ಹೋದರೆ, ಆ ಕಂಪನಿಯ ಕೆಲವು ತಿಂಗಳನ್ನೂ ಮುಂದಿನ ರೆಸ್ಯೂಮೆಯಲ್ಲಿ ವಿವರಿಸುವ ಪಾಡು ನಿಮ್ಮದಾಗುತ್ತದೆ. ಹಳೇ ಮ್ಯಾನೇಜರನ್ನು ಹಿಡಿದು ಸೂಪರ್‌ವೈಸರ್ ಅಂತ ಈಗ ಲೆಟರ್ ಬರೆಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎಚ್.ಆರ್ ಕಡತ ಬದಲಾಗಿರೋದಿಲ್ಲ, ಸಿಕ್ಕಿಬೀಳೋದು ನೀವು.

ಕೊನೆಯದಾಗಿ, ಫಾರಂನಲ್ಲಿ ರೆಸಾರ್ಟಿನ ಎಚ್.ಆರ್ ಸಂಪರ್ಕ ಕೇಳಿದ ಕಡೆ ರಿಸೆಪ್ಷನ್ನಿನ ಲ್ಯಾಂಡ್‌ಲೈನ್ ಕೊಡಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ ಏಜೆನ್ಸಿಯವರು ನಾಲ್ಕು ಸಲ ಪ್ರಯತ್ನಿಸಿ ‘ಪರಿಶೀಲಿಸಲು ಆಗಲಿಲ್ಲ’ ಅಂತ ಬರೆದು ಮುಗಿಸುತ್ತಾರೆ. ಕಂಪನಿಯ ಹೆಸರಿನಲ್ಲೇ ಇರುವ ಎಚ್.ಆರ್ ಮೇಲ್ ವಿಳಾಸ ಯಾವುದು ಅಂತ ಈಗಲೇ ರೆಸಾರ್ಟಿಗೆ ಫೋನ್ ಮಾಡಿ ಕೇಳಿ. ಈ ಥರ ಮೇಲ್ ಬರುತ್ತದೆ, ನನ್ನ ಉದ್ಯೋಗಿ ಸಂಖ್ಯೆ ಇದು ಅಂತ ಅವರಿಗೂ ಒಂದು ಮಾತು ಹೇಳಿಡಿ.