ವಾಡಿಕೆ ಮಳೆ ಎಂದರೆ ಯಾವ ವರ್ಷದ ಮಳೆ?

‘ವಾಡಿಕೆಗಿಂತ ಕಡಿಮೆ ಮಳೆ’ ಎಂದು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಈ ವಾಡಿಕೆ ಎಂಬುದು ಯಾವ ವರ್ಷ ಸುರಿದ ಮಳೆ? ಯಾವ ವರ್ಷದ್ದೂ ಅಲ್ಲ. 1971ರಿಂದ 2020ರವರೆಗಿನ 50 ಮುಂಗಾರುಗಳನ್ನು ಕೂಡಿಸಿ ತೆಗೆದ ಸರಾಸರಿ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ 87 ಸೆಂಟಿಮೀಟರ್. ನಿಜವಾಗಿ ಸುರಿಯುವ ಮಳೆ ಇದರ ಆಚೀಚೆ ಸುಮಾರು ಶೇ 10ರಷ್ಟು ಓಲಾಡುತ್ತದೆ. ಕೆಲವು ವರ್ಷ ಇನ್ನೂ ಜಾಸ್ತಿ.

ಇವತ್ತು ಸಂಜೆ ಗುಡುಗಿ ಸುರಿದದ್ದು ಹವಾಮಾನ. ಹತ್ತಾರು ವರ್ಷ ಅಳೆದ ಮೇಲೆ ‘ಜುಲೈನಲ್ಲಿ ಇಲ್ಲಿ ಇಷ್ಟು ಮಳೆ ಆಗುತ್ತದೆ, ಇಷ್ಟು ಏರುಪೇರೂ ಆಗುತ್ತದೆ’ ಎಂದು ಹೇಳುವುದು ವಾಯುಗುಣ. ನಾವು ಎರಡಕ್ಕೂ ಹವಾಮಾನ ಅಂತಲೇ ಹೇಳಿಬಿಡುತ್ತೇವೆ, ಗೊಂದಲ ಶುರುವಾಗುವುದು ಅಲ್ಲಿಂದ. ನಮ್ಮ ರೈತರಿಗೆ ಈ ವ್ಯತ್ಯಾಸ ಹೊಸದಲ್ಲ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎನ್ನುತ್ತದೆ ಗಾದೆ. ರೋಹಿಣಿಯಲ್ಲಿ ಮಳೆ ನಿರೀಕ್ಷಿಸುವುದು ವಾಯುಗುಣದ ಅನುಭವ. ಆ ‘ಬಂದರೆ’ ಇದೆಯಲ್ಲ, ಅದು ಹವಾಮಾನ.

ಆ ‘ಬಂದರೆ’ಯನ್ನು ಮೊದಲೇ ತಿಳಿಯಬೇಕೆಂಬ ಹಟ ಹುಟ್ಟಿದ್ದು ಸಾವಿನ ನಡುವೆ. 1876–78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣಕ್ಕೆ ಘೋರ ಬರ ಬಂತು. ಮೈಸೂರು ಸಂಸ್ಥಾನದಲ್ಲಿ ಐದರಲ್ಲಿ ಸುಮಾರು ಒಂದು ಪಾಲು ಜನ ಇಲ್ಲವಾದರು. ಭಾರತದ ಹವಾಮಾನ ಇಲಾಖೆ ಶುರುವಾಗಿ ಆಗಿನ್ನೂ ಒಂದೇ ವರ್ಷವಾಗಿತ್ತು. ಅದರ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮದಲ್ಲಿ ಸುಳಿವು ಹುಡುಕಿದರು. ಚಳಿಗಾಲದಲ್ಲಿ ಹಿಮ ಹೆಚ್ಚು ಬಿದ್ದರೆ ಮುಂದಿನ ಮುಂಗಾರು ಸೊರಗುತ್ತದೆ ಎಂಬುದು ಅವರ ಎಣಿಕೆ. ಕೆಲವು ವರ್ಷ ಅದು ಸರಿಹೋಯಿತು. 1899ರಲ್ಲಿ ಮುನ್ಸೂಚನೆ ಕೈಕೊಟ್ಟು ಮತ್ತೆ ಬರ ಬಂತು.

1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಗಣಿತದವರು. ಲೋಕದ ಬೇರೆಬೇರೆ ಊರುಗಳ ಗಾಳಿಯ ಒತ್ತಡ, ಉಷ್ಣಾಂಶ, ಮಳೆಯ ಲೆಕ್ಕ ತರಿಸಿ, ಯಾವುದು ನಮ್ಮ ಮಳೆಯ ಜೊತೆ ಏರಿಳಿಯುತ್ತದೆ ಎಂದು ಹೋಲಿಸಿದರು. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲವೂ ಗುಮಾಸ್ತರ ಕೈಲೆಕ್ಕ. ಅದರಲ್ಲಿ ಒಂದು ತಕ್ಕಡಿ ಕಾಣಿಸಿತು. ಪೆಸಿಫಿಕ್ ಸಾಗರದ ಮೇಲೆ ಒತ್ತಡ ಹೆಚ್ಚಾದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಯಾಕೆ ಎಂಬ ಉತ್ತರ ಮಾತ್ರ ಅವರಿಗೆ ಸಿಗಲಿಲ್ಲ.

ಉತ್ತರ ಬಂದದ್ದು 1969ರಲ್ಲಿ, ಹವಾಮಾನ ವಿಜ್ಞಾನಿ ಜೇಕಬ್ ಬ್ಯರ್ಕ್‌ನೆಸ್ ಅವರಿಂದ. ಮಾಮೂಲಿ ವರ್ಷಗಳಲ್ಲಿ ಪೆಸಿಫಿಕ್‌ನ ಗಾಳಿ ಬಿಸಿನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳುತ್ತದೆ. ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಎಲ್ ನಿನೊ ವರ್ಷ ಆ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಮೋಡವೂ ಅದರ ಹಿಂದೆಯೇ ಹೋಗುತ್ತದೆ. ಅಲ್ಲಿ ಏರಿದ ಗಾಳಿ ನಮ್ಮ ಕಡೆ ಇಳಿಯುತ್ತದೆ. ಇಳಿಯುವ ಗಾಳಿ ಮೋಡವನ್ನು ಬೆಳೆಯಲು ಬಿಡುವುದಿಲ್ಲ.

ಅಂತೂ ಕೀಲಿ ಸಿಕ್ಕಿತು ಅನಿಸಿತು. 1997ರಲ್ಲಿ ಆ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಎದ್ದಿತು, ಎಲ್ಲರೂ ಬರಕ್ಕೆ ಹೆದರಿದರು. ಮಳೆ ವಾಡಿಕೆಯ ಶೇ 102ರಷ್ಟು ಆಯಿತು! 2002ರಲ್ಲಿ ಬಂದದ್ದು ಅದಕ್ಕಿಂತ ದುರ್ಬಲವಾದದ್ದು. ಇಲಾಖೆ ಶೇ 101 ಎಂದಿತ್ತು. ಜುಲೈನಲ್ಲಿ ವಾಡಿಕೆಯ ಅರ್ಧದಷ್ಟೂ ಬೀಳಲಿಲ್ಲ, ಒಟ್ಟು ಮಳೆ ಶೇ 81ಕ್ಕೆ ನಿಂತಿತು.

ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೇ ವಿಷಯ ಬಿಡಿಸಿಕೊಂಡಿತು ಎಂದು ನನಗನಿಸುತ್ತದೆ. 1997ರಲ್ಲಿ ಪೆಸಿಫಿಕ್‌ನ ಪೂರ್ವದ ಅಂಚು ಹೆಚ್ಚು ಕಾದಿತ್ತು. 2002ರಲ್ಲಿ ಕಾದದ್ದು ನಡುಭಾಗ. ಬಿಸಿ ನಡುವಿಗೆ ಬಂದಾಗ ಗಾಳಿ ಇಳಿಯುವ ಜಾಗ ಭಾರತದ ನೆತ್ತಿಗೇ ಹತ್ತಿರವಾಗುತ್ತದೆ. ಜೊತೆಗೆ 1997ರಲ್ಲಿ ನಮ್ಮದೇ ಹಿಂದೂ ಮಹಾಸಾಗರದಲ್ಲಿ ಆಫ್ರಿಕಾ ಕಡೆಯ ನೀರು ಬಿಸಿಯಾಗಿ, ಸುಮಾತ್ರಾ ಕಡೆಯದು ತಣ್ಣಗಾಗಿತ್ತು. ಇಂಥ ಸ್ಥಿತಿ ನಮ್ಮ ಮಳೆಗೆ ಕೈಜೋಡಿಸುತ್ತದೆ. ಈ ಇಬ್ಬಗೆಯನ್ನು ವಿಜ್ಞಾನಿ ಎನ್. ಎಚ್. ಸಾಜಿ ಮತ್ತು ಸಂಗಡಿಗರು 1999ರಲ್ಲಿ ಗುರುತಿಸಿದರು. ಹಿಂದೂ ಮಹಾಸಾಗರದ ದ್ವಿಧ್ರುವ ಎನ್ನುವುದು ಇದಕ್ಕೇ.

ಆದರೂ ಸಾಗರಗಳು ಹೇಳುವುದು ಒಟ್ಟು ಋತುವಿನ ಒಲವನ್ನು ಮಾತ್ರ. ಋತುವಿನೊಳಗೆ ಮುಂಗಾರು ಕೆಲವು ವಾರ ಚುರುಕಾಗಿ, ಕೆಲವು ವಾರ ಬಿಡುವು ತೆಗೆದುಕೊಳ್ಳುತ್ತದೆ. ಆ ಬಿಡುವು ಎಷ್ಟು ದಿನ ಎಂದು ತಿಂಗಳುಗಳ ಮೊದಲೇ ಹೇಳಲಾಗದು. 2023ರಲ್ಲಿ ಜುಲೈ ಚೆನ್ನಾಗಿ ಸುರಿಯಿತು. ಆಗಸ್ಟ್ ಮಾತ್ರ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಯಿತು. ಸೆಪ್ಟೆಂಬರ್ ಮತ್ತೆ ಸುರಿದು ಋತುವಿನ ಒಟ್ಟು ಲೆಕ್ಕವನ್ನು ಶೇ 94ಕ್ಕೆ ತಂದಿತು. ಕಾಗದದ ಮೇಲೆ ಅದು ದೊಡ್ಡ ಕೊರತೆ ಅಲ್ಲವೇ ಅಲ್ಲ. ಆದರೆ ಆಗಸ್ಟ್‌ನಲ್ಲಿ ಒಣಗಿದ ಪೈರಿಗೆ ಸೆಪ್ಟೆಂಬರ್‌ನ ಮಳೆ ಜೀವ ಕೊಡುವುದಿಲ್ಲ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು.