ಪದ ಪರಿಚಯ: ಡಿಮಾರ್ಜಿನೇಷನ್ (ಸ್ಟೀರಾಯ್ಡ್ ತಗೊಂಡಾಗ ನ್ಯೂಟ್ರೋಫಿಲ್ ಏರುವುದು, ಲಿಂಫೋಸೈಟ್ ಇಳಿಯುವುದು)

ಶಾಲೆಯಲ್ಲಿ ನೋಟ್‌ಬುಕ್ಕಿಗೆ ಮಾರ್ಜಿನ್ ಎಳೆದದ್ದು ನೆನಪಿದೆ ಅಲ್ವಾ? ಹಾಳೆಯ ಅಂಚಿಗೆ ಒಂದು ಗೆರೆ. ಉತ್ತರವನ್ನು ಗೆರೆಯ ಈಚೆಗೇ ಬರೆಯಬೇಕು. ನಮ್ಮ ರಕ್ತನಾಳಗಳಿಗೂ ಇಂಥದೊಂದು ಮಾರ್ಜಿನ್ ಇದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಸುಮಾರು ಅರ್ಧದಷ್ಟು ರಕ್ತದ ಜೊತೆ ಹರಿಯುತ್ತಾ ಇರುತ್ತವೆ. ಉಳಿದ ಅರ್ಧ ನಾಳಗಳ ಒಳಗೋಡೆಗೆ ಮೆತ್ತಗೆ ಅಂಟಿಕೊಂಡಿರುತ್ತವೆ, ಅದರಲ್ಲೂ ಶ್ವಾಸಕೋಶ, ಗುಲ್ಮ, ಯಕೃತ್ತಿನ ಸಣ್ಣ ನಾಳಗಳಲ್ಲಿ. ಕೈಯಿಂದ ರಕ್ತ ತೆಗೆದಾಗ ಸಿರಿಂಜಿಗೆ ಬರುವುದು ಹರಿಯುವ ಕಣಗಳು ಮಾತ್ರ. ಗೋಡೆಗೆ ಅಂಟಿದವು ಲೆಕ್ಕಕ್ಕೆ ಸಿಗುವುದಿಲ್ಲ.

ಗೋಡೆ ಬಿಟ್ಟು ಅವು ಹರಿವಿಗೆ ಬಂದರೆ ಅದಕ್ಕೆ ಡಿಮಾರ್ಜಿನೇಷನ್ ಎಂದು ಹೆಸರು. ಮಾರ್ಜಿನ್ ಬಿಟ್ಟು ಹಾಳೆಯೊಳಗೆ ಬಂದ ಹಾಗೆ.

ಪ್ರೆಡ್ನಿಸೋಲೋನ್, ಡೆಕ್ಸಮೆಥಾಸೋನ್‌ನಂಥ ಕಾರ್ಟಿಕೊಸ್ಟೀರಾಯ್ಡ್‌ಗಳು ಮಾಡಿಸುವುದು ಇದನ್ನೇ. ನ್ಯೂಟ್ರೋಫಿಲ್‌ನ ಮೈಮೇಲೆ ಎಲ್-ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನ್ ಇದೆ. ಸ್ಟೀರಾಯ್ಡ್ ಬಂದ ಮೇಲೆ ಅದು ಕಡಿಮೆಯಾಗುತ್ತದೆ, ಹಿಡಿತ ಸಡಿಲವಾಗಿ ಕಣಗಳು ಹರಿವಿಗೆ ಬೀಳುತ್ತವೆ. ಇದರ ಜೊತೆಗೆ ಇನ್ನೆರಡು ಸಂಗತಿ ನಡೆಯುತ್ತವೆ. ಮೂಳೆಯ ಮಜ್ಜೆಯಲ್ಲಿ ತಯಾರಾಗಿ ಕೂತಿದ್ದ ನ್ಯೂಟ್ರೋಫಿಲ್‌ಗಳು ಹೆಚ್ಚಾಗಿ ಹೊರಬರುತ್ತವೆ. ಸಾಮಾನ್ಯವಾಗಿ ಕೆಲವು ಗಂಟೆ ರಕ್ತದಲ್ಲಿದ್ದು ಅಂಗಾಂಶಗಳಿಗೆ ಇಳಿದುಹೋಗಬೇಕಾದ ಕಣಗಳು ಅಲ್ಲಿಗೆ ಹೋಗದೆ, ಬೇಗ ಸಾಯದೆ ರಕ್ತದಲ್ಲೇ ಸುತ್ತುತ್ತವೆ. ಬರುವವರು ಜಾಸ್ತಿ, ಹೋಗುವವರು ಕಡಿಮೆ. ಕೌಂಟ್ ಏರದೆ ಇನ್ನೇನಾಗುತ್ತದೆ?

ಇಲ್ಲೊಂದು ತಮಾಷೆ ಇದೆ. ಕೌಂಟ್ ಏರಿತು ಅಂದರೆ ರೋಗದ ವಿರುದ್ಧ ಹೋರಾಟದ ಬಲವೂ ಏರಿತು ಅಂತಲ್ಲ. ಗಾಯ ಅಥವಾ ಸೋಂಕಿನ ಜಾಗ ತಲುಪಬೇಕಾದರೆ ನ್ಯೂಟ್ರೋಫಿಲ್ ಮೊದಲು ನಾಳದ ಗೋಡೆಗೆ ಅಂಟಬೇಕು, ಆಮೇಲೆ ಅದರಲ್ಲಿ ನುಸುಳಿ ಆಚೆ ಹೋಗಬೇಕು. ಸ್ಟೀರಾಯ್ಡ್ ತಪ್ಪಿಸಿದ್ದು ಆ ಅಂಟನ್ನೇ. ಹಾಗಾಗಿ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಹೆಚ್ಚಿದ್ದರೂ ಸೋಂಕು ತಗುಲುವ ಅಪಾಯ ಕಡಿಮೆಯಾಗಿರುವುದಿಲ್ಲ, ಹೆಚ್ಚೇ ಆಗಿರುತ್ತದೆ.

ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಕಥೆ ಉಲ್ಟಾ. ಇವು ಹರಿವಿನಿಂದ ಹೊರಗೆ ಹೋಗುತ್ತವೆ. ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿರುವುದು ನೂರಕ್ಕೆ ಎರಡರಷ್ಟು ಮಾತ್ರ. ಮಿಕ್ಕವು ದುಗ್ಧರಸ ಗ್ರಂಥಿ, ಗುಲ್ಮ, ಮಜ್ಜೆ, ಕರುಳಿನ ಗೋಡೆಯಲ್ಲಿ ಇರುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರಿನ ಜನಸಂಖ್ಯೆ ಎಣಿಸಿದ ಹಾಗಿದೆ ಈ ಕೌಂಟ್. ಸ್ಟೀರಾಯ್ಡ್ ಒಳಗೆ ಹೋದ ಮೇಲೆ ಬಸ್ ಸ್ಟ್ಯಾಂಡಿನವರು ಮನೆಗೆ ಹೋಗುತ್ತಾರೆ, ಹೆಚ್ಚಾಗಿ ಮಜ್ಜೆಗೆ. ಸತ್ತುಹೋಗಿದ್ದಾರೆ ಅಂತ ಗಾಬರಿಯಾಗಬೇಕಿಲ್ಲ. ಒಂದೇ ಡೋಸ್ ಆದರೆ 4ರಿಂದ 6 ಗಂಟೆಗೆ ಲಿಂಫೋಸೈಟ್ ತೀರಾ ಕೆಳಗಿಳಿದು, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಸತ್ತಿದ್ದರೆ ಇಷ್ಟು ಬೇಗ ವಾಪಸ್ ಬರುತ್ತಿರಲಿಲ್ಲ. 1970ರ ದಶಕದಲ್ಲಿ ಆಂಥೊನಿ ಫೌಚಿ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಕೆಲವು ಗಂಟೆಗಳಿಗೊಮ್ಮೆ ಎಣಿಸಿ ತೋರಿಸಿದ್ದು ಇದನ್ನೇ. ಹೌದು, ಕೋವಿಡ್ ಕಾಲದಲ್ಲಿ ಟೀವಿಯಲ್ಲಿ ದಿನಾ ಕಾಣುತ್ತಿದ್ದ ಅದೇ ಫೌಚಿ. ಲಿಂಫೋಸೈಟ್‌ಗಳಲ್ಲೇ ಟಿ ಕಣಗಳು, ಅದರಲ್ಲೂ ಸಿಡಿ4 ಎಂಬ ಬಗೆಯವು, ಬಿ ಕಣಗಳಿಗಿಂತ ಹೆಚ್ಚು ಇಳಿಯುತ್ತವೆ. ಹೆಚ್ಚಿನ ಡೋಸನ್ನು ವಾರಗಟ್ಟಲೆ ತಗೊಂಡರೆ ಮಾತ್ರ ಮಾತು ಬೇರೆ. ಆಗ ಕೆಲವು ಲಿಂಫೋಸೈಟ್‌ಗಳು ನಿಜಕ್ಕೂ ಸಾಯುತ್ತವೆ, ಸಂಖ್ಯೆ ಅಷ್ಟು ಬೇಗ ತುಂಬಿಕೊಳ್ಳುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗೆ ಅಷ್ಟೇ. ಅಸ್ತಮಾ ಹೆಚ್ಚಾಗಿ ಒಬ್ಬರು ದಿನಕ್ಕೆ 40 ಮಿ.ಗ್ರಾಂ ಪ್ರೆಡ್ನಿಸೋಲೋನ್ ಶುರು ಮಾಡಿದ್ದಾರೆ. ಮೊದಲಿದ್ದ ಬಿಳಿ ರಕ್ತಕಣಗಳ ಒಟ್ಟು ಕೌಂಟ್ 7,600. ಅದರಲ್ಲಿ ನ್ಯೂಟ್ರೋಫಿಲ್ 58%, ಲಿಂಫೋಸೈಟ್ 32%. ಮೂರನೇ ದಿನ ಒಟ್ಟು 13,200, ನ್ಯೂಟ್ರೋಫಿಲ್ 84%, ಲಿಂಫೋಸೈಟ್ 11%. ಲ್ಯಾಬಿನವರು ಎರಡಕ್ಕೂ ದಪ್ಪಕ್ಷರ ಹಾಕಿರುತ್ತಾರೆ. 32 ಇದ್ದದ್ದು 11 ಆಯಿತಲ್ಲ, ಮೂರನೇ ಒಂದು ಪಾಲಷ್ಟೇ ಉಳಿಯಿತೇ ಎಂದು ಎದೆ ಧಸಕ್ಕೆನ್ನುತ್ತದೆ. ಆದರೆ ಶೇಕಡಾ ಬಿಟ್ಟು ನಿಜವಾದ ಸಂಖ್ಯೆ ನೋಡಿ. 7,600ರಲ್ಲಿ 32% ಅಂದರೆ 2,432. 13,200ರಲ್ಲಿ 11% ಅಂದರೆ 1,452. ಇಳಿದದ್ದು ನೂರಕ್ಕೆ ಸುಮಾರು 40. ಮಿಕ್ಕ ಇಳಿಕೆಯೆಲ್ಲ ನ್ಯೂಟ್ರೋಫಿಲ್ ಉಬ್ಬಿದ್ದರಿಂದ ಕಾಣುವ ಇಳಿಕೆ. ಅವು 4,408ರಿಂದ 11,088ಕ್ಕೆ ಹೋದಾಗ ಪಕ್ಕದವರ ಶೇಕಡಾ ಸುಮ್ನೆ ಕುಗ್ಗಲೇಬೇಕು. ಈಗಿನ ಬಹಳಷ್ಟು ರಿಪೋರ್ಟುಗಳಲ್ಲಿ 'ಆಬ್ಸೊಲ್ಯೂಟ್ ಕೌಂಟ್' ಅಂತ ಬೇರೆ ಸಾಲೇ ಇರುತ್ತದೆ. ಜನ ಅದನ್ನು ನೋಡುವುದೇ ಇಲ್ಲ, ಕಣ್ಣು ನೇರ ಶೇಕಡಾ ಮೇಲೆ ಬೀಳುತ್ತದೆ.

ಇದೇ ಕಾರಣಕ್ಕೆ ಕೋವಿಡ್ ಸಮಯದಲ್ಲಿ ಒಂದು ಗೊಂದಲ ಆಗುತ್ತಿತ್ತು. ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿ, ಉತ್ತರ ದೊಡ್ಡದಾದರೆ ಕಾಯಿಲೆ ಜೋರು ಎಂದು ಅಂದಾಜು ಮಾಡುತ್ತಿದ್ದರು. ಡೆಕ್ಸಮೆಥಾಸೋನ್ ಕೊಟ್ಟ ಮೇಲೆ ಈ ಅಂಕಿ ಮಾತ್ರೆಯಿಂದಲೇ ಏರುತ್ತದೆ. ನಮ್ಮ ಲೆಕ್ಕದಲ್ಲೇ ನೋಡಿ: 1.8 ಇದ್ದದ್ದು 7.6 ಆಗಿದೆ, ಸೋಂಕಿನ ಸುಳಿವೇ ಇಲ್ಲದೆ.

ಹಾಗಾದರೆ ಏರಿದ ಕೌಂಟ್ ಮಾತ್ರೆಯದೋ ಸೋಂಕಿನದೋ ಎಂದು ತಿಳಿಯುವುದು ಹೇಗೆ? ಸ್ಲೈಡ್ ಮೇಲಿನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುಳಿವು ಸಿಗುತ್ತದೆ. ಮಾತ್ರೆಯಿಂದ ಹೆಚ್ಚಿದ ನ್ಯೂಟ್ರೋಫಿಲ್‌ಗಳು ಬಹುತೇಕ ಬಲಿತವು, ಮೊದಲೇ ಗೋಡೆಯಲ್ಲಿದ್ದವು ತಾನೇ. ಜೋರಾದ ಸೋಂಕಿನಲ್ಲಿ ಮಜ್ಜೆ ಅವಸರಕ್ಕೆ ಎಳೆಯ ಕಣಗಳನ್ನೂ ಹೊರಗೆ ಕಳಿಸುತ್ತದೆ. ಇವಕ್ಕೆ ಬ್ಯಾಂಡ್ ಕಣಗಳು ಎನ್ನುತ್ತಾರೆ. ಅವು ನೂರಕ್ಕೆ 6 ದಾಟಿದರೆ, ಅಥವಾ ಕಣದೊಳಗೆ ಟಾಕ್ಸಿಕ್ ಗ್ರಾನ್ಯೂಲ್ ಎಂಬ ದಪ್ಪ ಕಪ್ಪು ಚುಕ್ಕೆಗಳು ಕಂಡರೆ, 'ಸ್ಟೀರಾಯ್ಡ್ ಇರಬೇಕು ಬಿಡಿ' ಎಂದು ಕೈಬಿಡುವ ಹಾಗಿಲ್ಲ. ಜ್ವರ ಇಲ್ಲ ಎಂಬುದನ್ನು ನಂಬಿ ಕೂರುವುದೂ ತಪ್ಪು, ಯಾಕೆಂದರೆ ಸ್ಟೀರಾಯ್ಡ್ ಜ್ವರವನ್ನೂ ಮುಚ್ಚಿಡಬಲ್ಲದು.

ಇನ್ನೊಂದು ಚಿಕ್ಕ ಗುರುತು ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ. ಸ್ಟೀರಾಯ್ಡ್‌ಗೆ ಅವೂ ಇಳಿಯುತ್ತವೆ, ಕೆಲವೊಮ್ಮೆ ಸೊನ್ನೆಗೆ. 1948ರ ಸುಮಾರಿಗೆ ಅಮೆರಿಕದ ವೈದ್ಯ ಜಾರ್ಜ್ ಥಾರ್ನ್ ಇದನ್ನೇ ಪರೀಕ್ಷೆ ಮಾಡಿಕೊಂಡಿದ್ದರು. ಅಡ್ರಿನಲ್ ಗ್ರಂಥಿಯನ್ನು ಕೆರಳಿಸುವ ಹಾರ್ಮೋನ್ ಚುಚ್ಚಿ, ನಾಲ್ಕು ಗಂಟೆಯ ನಂತರ ಇಯೋಸಿನೊಫಿಲ್ ಅರ್ಧಕ್ಕಿಂತ ಕಡಿಮೆಯಾದರೆ ಗ್ರಂಥಿ ಕೆಲಸ ಮಾಡುತ್ತಿದೆ ಎಂದರ್ಥ. ಅಂದರೆ ಮಾತ್ರೆ ಮಾಡುವುದು ಹೊಸ ಕೆಲಸವೇನಲ್ಲ. ಅಡ್ರಿನಲ್ ಗ್ರಂಥಿ ತಯಾರಿಸುವ ನಮ್ಮದೇ ಸ್ಟೀರಾಯ್ಡ್ ಕಾರ್ಟಿಸೋಲ್ ಕೂಡ ದಿನಾ ಬೆಳಿಗ್ಗೆ ಏರಿ ಲಿಂಫೋಸೈಟ್‌ಗಳನ್ನು ಸ್ವಲ್ಪ ಇಳಿಸುತ್ತದೆ, ರಾತ್ರಿ ತಾನು ಇಳಿದಾಗ ಅವನ್ನು ವಾಪಸ್ ಬಿಡುತ್ತದೆ.

ಹಾಗಾಗಿ ಬೆಳಿಗ್ಗೆ 8ಕ್ಕೆ ಮಾತ್ರೆ ನುಂಗಿ ಮಧ್ಯಾಹ್ನ 1ಕ್ಕೆ ರಕ್ತ ಕೊಟ್ಟರೆ ಬರುವ ಲಿಂಫೋಸೈಟ್ ಸಂಖ್ಯೆಗೂ, ಮಾರನೆಯ ದಿನ ಮಾತ್ರೆಗೆ ಮೊದಲು ಕೊಟ್ಟರೆ ಬರುವ ಸಂಖ್ಯೆಗೂ ವ್ಯತ್ಯಾಸ ಇರುತ್ತದೆ. ರಿಪೋರ್ಟ್ ತೋರಿಸುವಾಗ ಯಾವ ಮಾತ್ರೆ, ಎಷ್ಟು ಮಿ.ಗ್ರಾಂ, ಎಷ್ಟು ಗಂಟೆಗೆ ನುಂಗಿದ್ದು ಎಂದು ವೈದ್ಯರಿಗೆ ಹೇಳಿ. ಕೌಂಟ್ ನೋಡಿ ಹೆದರಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೆಲವು ವಾರಗಳಿಂದ ತಗೊಳ್ಳುತ್ತಿದ್ದರೆ ನಿಮ್ಮ ಅಡ್ರಿನಲ್ ಗ್ರಂಥಿ ಅಷ್ಟರಲ್ಲಿ ಕಾರ್ಟಿಸೋಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ, ಅದು ಮತ್ತೆ ಚುರುಕಾಗಲು ಡೋಸನ್ನು ನಿಧಾನವಾಗಿ ಇಳಿಸಬೇಕು.