ಅಂಡಮಾನ್ ಪ್ಯಾಕೇಜ್: ತಲೆಗೆ ಎಷ್ಟು ಅಂತ ಕೇಳಿದರೆ ಸಾಲದು

"ನಾನೇ ಬುಕ್ ಮಾಡಿದ್ರೆ ಅರ್ಧಕ್ಕೆ ಆಗ್ತದೆ, ನೀವು ಇಷ್ಟು ಹೇಳ್ತೀರಲ್ಲ ಮಾರಾಯ್ರೆ?" ಉಡುಪಿಯಲ್ಲಿ ಟ್ರಾವೆಲ್ ಆಫೀಸ್ ನಡೆಸುವ ನಾನು ಈ ಮಾತು ಕೇಳದ ವಾರ ಕಡಿಮೆ. ಕೇಳುವವರು ಸುಳ್ಳು ಹೇಳುತ್ತಿಲ್ಲ. ಮೊಬೈಲ್‌ನಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಆದರೆ ಅವರು ಹೋಲಿಸುತ್ತಿರುವ ಎರಡು ಮೊತ್ತಗಳು ಒಂದೇ ಪ್ರವಾಸದ್ದಲ್ಲ. ಇದು ತಿಳಿಯಬೇಕಾದರೆ ಪೂರ್ತಿ ಲೆಕ್ಕವನ್ನೇ ಮಾಡಿ ನೋಡಬೇಕು. ಹಾಗಾಗಿ ಬ್ರಹ್ಮಾವರದ ಕಡೆಯ ಒಂದು ಮನೆಯವರ ಅಂಡಮಾನ್ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ದರಗಳು ಆ ವಾರದ್ದು, ನೀವು ಕೇಳುವಾಗ ಬೇರೆ ಇರುತ್ತವೆ. ಲೆಕ್ಕ ಮಾಡುವ ರೀತಿ ಅದೇ.

ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು, ಗಂಡನ ಅಮ್ಮ. ಒಟ್ಟು ನಾಲ್ಕು ಜನ. ಮಲ್ಪೆ ಪಕ್ಕದಲ್ಲೇ ಇಟ್ಟುಕೊಂಡು ಸಮುದ್ರ ನೋಡಲು ಅಷ್ಟು ದೂರ ಯಾಕೆ ಅಂತ ಅಜ್ಜಿ ಕೇಳಿದರಂತೆ, ಅದು ಬೇರೆ ವಿಷಯ. ಐದು ರಾತ್ರಿ, ಆರು ದಿನ. ಪೋರ್ಟ್ ಬ್ಲೇರ್‌ನಲ್ಲಿ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ, ನಡುವೆ ಹ್ಯಾವ್‌ಲಾಕ್‌ನಲ್ಲಿ ಎರಡು, ನೀಲ್‌ನಲ್ಲಿ ಒಂದು. ಪ್ಯಾಕೇಜ್ ದರ ತಲೆಗೆ ₹23,500, ಪೋರ್ಟ್ ಬ್ಲೇರ್‌ನಲ್ಲಿ ಇಳಿದಲ್ಲಿಂದ ಮತ್ತೆ ಅಲ್ಲೇ ವಿಮಾನ ಹತ್ತುವ ತನಕ. ಅಂದರೆ ವಿಮಾನ ಇದರಲ್ಲಿ ಇಲ್ಲ. ಅವರು ನಾಲ್ಕರಿಂದ ಗುಣಿಸಿ ₹94,000 ಅಂತ ಬರೆದುಕೊಂಡಿದ್ದರು. ಪಕ್ಕದಲ್ಲಿ ಅವರದೇ ಲೆಕ್ಕ: ಹೋಟೆಲ್ ₹17,800, ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರ್ರಿ ₹16,400, ಕಾರು ₹10,000. ಒಟ್ಟು ₹44,200. ಅರ್ಧಕ್ಕಿಂತಲೂ ಕಡಿಮೆ!

ಮೊದಲು ಅವರ ಲೆಕ್ಕ ನೋಡೋಣ. ಹೋಟೆಲ್ ಆ್ಯಪ್ ತೆರೆದಾಗ ಅದು ತಾನಾಗಿಯೇ ಇಬ್ಬರಿಗೆ ಒಂದು ರೂಮು ಅಂತ ಹಿಡಿಯುತ್ತದೆ. ಆ ₹17,800 ಐದು ರಾತ್ರಿಗೆ ಒಂದು ರೂಮಿನ ಬಾಡಿಗೆ. ಮೂವರು ದೊಡ್ಡವರು, ಜೊತೆಗೆ ಒಂದು ಮಗು ಅಂದರೆ ಹೆಚ್ಚಿನ ಹೋಟೆಲಿನವರು ಒಂದೇ ರೂಮು ಕೊಡುವುದಿಲ್ಲ. ಕೊಟ್ಟರೂ ವಯಸ್ಸಾದ ಅಮ್ಮನನ್ನು ನೆಲದ ಹಾಸಿಗೆಯಲ್ಲಿ ಮಲಗಿಸಲು ಆಗುತ್ತದಾ? ಎರಡನೇ ರೂಮು ಸೇರಿಸಿದಾಗ ಇನ್ನೊಂದು ₹17,800. ಆ್ಯಪ್‌ನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ದರಕ್ಕೆ ಹೆಚ್ಚಾಗಿ ತೆರಿಗೆ ಸೇರಿರುವುದಿಲ್ಲ. ದಿನಕ್ಕೆ ₹7,500ರ ಒಳಗಿನ ರೂಮಿಗೆ ಈಗ 5 ಪರ್ಸೆಂಟ್ ಜಿಎಸ್‌ಟಿ, ಎರಡು ರೂಮಿಗೆ ಒಟ್ಟು ₹1,780. ಅವರು ಆರಿಸಿದ್ದು ತಿಂಡಿ ಇಲ್ಲದ ದರ. ಪ್ಯಾಕೇಜ್‌ನಲ್ಲಿ ತಿಂಡಿ ಇತ್ತು. ನಾಲ್ಕು ಜನರಿಗೆ ಐದು ಬೆಳಿಗ್ಗೆ, ತಲೆಗೆ ₹250 ಅಂತ ಹಿಡಿದರೂ ₹5,000.

ಕಾರಿನ ಲೆಕ್ಕದಲ್ಲಿ ಪೋರ್ಟ್ ಬ್ಲೇರ್ ಮತ್ತು ಹ್ಯಾವ್‌ಲಾಕ್ ಇದ್ದವು, ನೀಲ್ ಬಿಟ್ಟುಹೋಗಿತ್ತು. ಫೆರ್ರಿ ಇಳಿದ ಜಾಗದಿಂದ ಹೋಟೆಲಿಗೆ, ಹೋಟೆಲಿಂದ ಮತ್ತೆ ಫೆರ್ರಿಗೆ ಬಿಡುವ ಬಾಡಿಗೆಗಳೂ ಇರಲಿಲ್ಲ. ಮಣಿಪಾಲದಲ್ಲಿ ನಿಂತು ಮೊಬೈಲ್‌ನಲ್ಲಿ ಕಾರು ಕರೆಸಿದಂತೆ ಆ ದ್ವೀಪಗಳಲ್ಲಿ ನಡೆಯುವುದಿಲ್ಲ, ಅಲ್ಲಿನ ಟ್ಯಾಕ್ಸಿಯವರು ಹೇಳುವ ಒಂದೊಂದು ಟ್ರಿಪ್ಪಿನ ದರವೇ ದರ. ಅದಕ್ಕೆ ₹4,000 ಸೇರಿಸಿ. ರಾಸ್ ದ್ವೀಪಕ್ಕೆ ಹೋಗುವ ದೋಣಿ ₹3,600, ಹ್ಯಾವ್‌ಲಾಕ್‌ನಿಂದ ಎಲಿಫೆಂಟ್ ಬೀಚಿಗೆ ಹೋಗುವ ದೋಣಿ ₹4,800. ಎಲ್ಲ ಕೂಡಿಸಿದಾಗ ಅವರ ₹44,200 ಬೆಳೆದು ₹81,180 ಆಯಿತು. ಯಾರೂ ಮೋಸ ಮಾಡಿಲ್ಲ, ಕೇಳದ್ದನ್ನು ಆ್ಯಪ್ ಹೇಳಲಿಲ್ಲ, ಅಷ್ಟೇ.

ಇನ್ನು ಪ್ಯಾಕೇಜ್ ಕಡೆಗೆ ಬರೋಣ, ಅಲ್ಲಿಯೂ ಬೇಕಾದಷ್ಟು ಉಂಟು. ತಲೆಗೆ ₹23,500 ಅನ್ನುವುದರ ಕೆಳಗೆ ಚಿಕ್ಕ ಅಕ್ಷರದಲ್ಲಿ 'ಟ್ವಿನ್ ಶೇರಿಂಗ್' ಅಂತ ಇರುತ್ತದೆ. ಇಬ್ಬರು ಒಂದು ರೂಮು ಹಂಚಿಕೊಂಡರೆ ಒಬ್ಬರಿಗೆ ಬೀಳುವ ದರ ಅದು. ಮೂರನೆಯವರಿಗೆ ಹೆಚ್ಚುವರಿ ಹಾಸಿಗೆಯ ದರ ಬೇರೆ, ಮಗುವಿಗೆ ಹಾಸಿಗೆ ಸಹಿತ ಒಂದು ದರ, ಹಾಸಿಗೆ ಇಲ್ಲದೆ ಇನ್ನೊಂದು. ಇವರಿಗೆ ದರ ಕೊಟ್ಟವರು ಒಂಬತ್ತು ವರ್ಷದ ಹುಡುಗಿಗೂ ದೊಡ್ಡವರ ದರವನ್ನೇ ಹಾಕಿದ್ದರು. ಇದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ ₹4,700. ಎಲಿಫೆಂಟ್ ಬೀಚಿನ ದೋಣಿ ಪ್ಯಾಕೇಜ್‌ನಿಂದ ಹೊರಗೆ, ₹4,800. ಅಲ್ಲಿಗೆ ಪ್ಯಾಕೇಜ್ ₹1,03,500.

ಮಗುವಿನ ದರ ಯಾಕೆ ಹಾಕಿಲ್ಲ ಅಂತ ಒಂದು ಮಾತು ಕೇಳಿದ್ದಕ್ಕೆ ಹುಡುಗಿಯ ದರ ₹18,000ಕ್ಕೆ ಇಳಿಯಿತು. ತೆರಿಗೆಯೂ ಅಷ್ಟು ಕಡಿಮೆಯಾಗಿ, ದೋಣಿ ಸೇರಿಸಿ ಒಟ್ಟು ₹97,725ಕ್ಕೆ ಬಂತು. ನೋಡಿ, ಮೊದಲು ಸುಮಾರು ₹50,000 ಅಂತ ಕಾಣುತ್ತಿದ್ದ ವ್ಯತ್ಯಾಸ ಈಗ ₹16,545. ಯೋಚನೆ ಮಾಡಬೇಕಾದದ್ದು ಈ ಮೊತ್ತದ ಬಗ್ಗೆ.

ಅದಕ್ಕೂ ಮೊದಲು ಇನ್ನೆರಡು ವಿಷಯ ನೋಡಬೇಕು. ಪ್ಯಾಕೇಜ್ ಪಟ್ಟಿಯಲ್ಲಿ ಹೋಟೆಲ್ ಹೆಸರಿನ ಪಕ್ಕ 'ಅಥವಾ ಅದೇ ದರ್ಜೆಯದ್ದು' ಅಂತ ಬರೆದಿರುತ್ತಾರೆ. ಆ ಮೂರು ಪದದಲ್ಲಿ ನಮ್ಮಂಥವರ ಲಾಭದ ದೊಡ್ಡ ಭಾಗ ಕೂತಿರುತ್ತದೆ, ಸುಮ್ನೆ ಹೇಳುತ್ತಿಲ್ಲ. ಹ್ಯಾವ್‌ಲಾಕ್‌ನಲ್ಲಿ ಸಮುದ್ರದ ಬದಿಯ ಹೋಟೆಲಿಗೂ ಒಳರಸ್ತೆಯ ಹೋಟೆಲಿಗೂ ಪಟ್ಟಿಯಲ್ಲಿ ಒಂದೇ ದರ್ಜೆ ಇರಬಹುದು, ಬಾಡಿಗೆ ಒಂದೇ ಇರುವುದಿಲ್ಲ. ಹೋಟೆಲ್ ಹೆಸರು, ರೂಮಿನ ವಿಧ ಎರಡನ್ನೂ ಬರೆಸಿಕೊಂಡ ಮೇಲೆ ಅದೇ ಹೋಟೆಲಿನ ಅದೇ ರೂಮನ್ನು ಅದೇ ತಾರೀಕಿಗೆ ಆ್ಯಪ್‌ನಲ್ಲಿ ನೋಡಿ. ಏಜೆಂಟರಿಗೆ ಹೋಟೆಲಿನವರು ಕೊಡುವ ದರ ಆ್ಯಪ್ ದರಕ್ಕಿಂತ ಕಡಿಮೆ ಇರುವುದೂ ಉಂಟು, ಹಾಗಾಗಿ ಈ ಹೋಲಿಕೆಯಲ್ಲಿ ಪ್ಯಾಕೇಜೇ ಗೆದ್ದರೆ ಆಶ್ಚರ್ಯ ಪಡಬೇಡಿ.

ಇನ್ನೊಂದು, ಆರು ದಿನ ಅಂದರೆ ಎಷ್ಟು ದಿನ ಅನ್ನುವುದು. ಅಂಡಮಾನ್ ನಮಗಿಂತ ಎಷ್ಟೋ ಪೂರ್ವದಲ್ಲಿದೆ, ಗಡಿಯಾರ ಮಾತ್ರ ನಮ್ಮದೇ. ಅಲ್ಲಿ ಚಳಿಗಾಲದಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನ ಎರಡಕ್ಕೆ ಇಳಿದು, ಬ್ಯಾಗು ತೆಗೆದುಕೊಂಡು, ಹೋಟೆಲಿಗೆ ಹೋಗಿ, ಊಟ ಮುಗಿಸುವಾಗ ಆ ದಿನ ಮುಗಿಯಿತು. ಕೊನೆಯ ದಿನ ಬೆಳಿಗ್ಗೆಯೇ ವಿಮಾನ ಇದ್ದರೆ ಅದೂ ಇಲ್ಲ. ಕೈಗೆ ಸಿಗುವುದು ನಾಲ್ಕು ದಿನ. ಇದು ಬೇರೆ ಬೇರೆ ಬುಕ್ ಮಾಡಿದರೂ ಅಷ್ಟೇ, ಆದರೆ ಆಗ ವಿಮಾನದ ಸಮಯ ನಿಮ್ಮ ಕೈಯಲ್ಲಿ ಇರುತ್ತದೆ.

ಸರಿ, ಆ ₹16,545 ಕೊಟ್ಟರೆ ಏನು ಸಿಗುತ್ತದೆ? ಅಂಡಮಾನ್‌ನಲ್ಲಿ ಇಡೀ ಕಾರ್ಯಕ್ರಮ ನಿಂತಿರುವುದು ಫೆರ್ರಿಯ ಮೇಲೆ. ಮೂರು ಸಲ ಹತ್ತಿ ಇಳಿಯಬೇಕು. ಸಮುದ್ರ ಒರಟಾದರೆ ಫೆರ್ರಿ ನಿಲ್ಲುತ್ತದೆ, ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲಿಸುವ ಹಾಗೆ. ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಹೋಗುವ ಫೆರ್ರಿ ರದ್ದಾಯಿತು ಅಂತ ಇಟ್ಟುಕೊಳ್ಳಿ. ಟಿಕೆಟ್ ಹಣ ವಾಪಸ್ ಬರುತ್ತದೆ. ಆದರೆ ನೀಲ್ ಹೋಟೆಲಿನ ಆ ರಾತ್ರಿಯ ಹಣ ಹೋಯಿತು, ಹ್ಯಾವ್‌ಲಾಕ್‌ನಲ್ಲಿ ಇನ್ನೊಂದು ರಾತ್ರಿಗೆ ರೂಮು ಹುಡುಕಬೇಕು, ಮರುದಿನದ ಫೆರ್ರಿಯಲ್ಲಿ ನಾಲ್ಕು ಸೀಟು ಹಿಡಿಯಬೇಕು, ಅದೇ ಹೊತ್ತಿಗೆ ಅಲ್ಲಿ ಸಿಕ್ಕಿಹಾಕಿಕೊಂಡ ಎಲ್ಲರೂ ಅದನ್ನೇ ಹುಡುಕುತ್ತಿರುತ್ತಾರೆ, ಮೊಬೈಲ್ ನೆಟ್‌ವರ್ಕ್ ಬೇರೆ ಅಷ್ಟಕ್ಕಷ್ಟೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪ್ಯಾಕೇಜ್ ತೆಗೆದುಕೊಂಡರೆ ಇಂಥ ನಷ್ಟ ಕಂಪನಿಯದ್ದು ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ. ಹವಾಮಾನದಿಂದಾಗಿ ಹೆಚ್ಚುವರಿ ಖರ್ಚು ಬಂದರೆ ಅದು ಪ್ರಯಾಣಿಕರದ್ದೇ ಅಂತ ಷರತ್ತಿನಲ್ಲಿ ಬರೆದಿರುತ್ತದೆ, ನಾನೂ ಬರೆಯುತ್ತೇನೆ. ನೀವು ಹಣ ಕೊಡುವುದು ಓಡಾಡುವ ಕೆಲಸಕ್ಕೆ. ಪೋರ್ಟ್ ಬ್ಲೇರ್‌ನಲ್ಲಿರುವ ನಮ್ಮ ಕಡೆಯವರು ಫೆರ್ರಿಯವರಿಗೂ ಹೋಟೆಲಿನವರಿಗೂ ದಿನಾ ಕೆಲಸ ಕೊಡುವವರು. ಅವರು ಒಂದು ಫೋನಿನಲ್ಲಿ ಆ ರಾತ್ರಿಯನ್ನು ಮುಂದಕ್ಕೆ ಹಾಕಿಸಬಹುದು. ಹಾಕಿಸಿಯೇ ಹಾಕಿಸುತ್ತಾರೆ ಅಂತ ಯಾರೂ ಬರೆದುಕೊಡುವುದಿಲ್ಲ.

ಬುಕಿಂಗ್ ಯಾರೇ ಮಾಡಲಿ, ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ಬೆಳಿಗ್ಗೆ ಹ್ಯಾವ್‌ಲಾಕ್‌ನಿಂದ ಫೆರ್ರಿ, ಮಧ್ಯಾಹ್ನ ವಿಮಾನ ಅಂತ ಹೊಂದಿಸಿ ಒಂದು ರಾತ್ರಿ ಉಳಿಸುವ ಪ್ಯಾಕೇಜ್‌ಗಳಿವೆ, ನೋಡಲು ಅಗ್ಗ. ಆ ಫೆರ್ರಿ ನಿಂತರೆ ನಾಲ್ಕು ಜನರ ವಿಮಾನದ ಟಿಕೆಟ್ ನೀರಿಗೆ.

ವಿಮಾನದ ಮಾತು. ಇವರಿಗೆ ವಿಮಾನ ಸೇರಿಸಿ ತಲೆಗೆ ₹42,000 ಅಂತಲೂ ಒಂದು ದರ ಕೊಟ್ಟಿದ್ದರು. ಅದರಿಂದ ₹23,500 ಕಳೆದರೆ ವಿಮಾನಕ್ಕೆ ₹18,500. ಅದೇ ದಿನ ಅವರ ಮೊಬೈಲ್‌ನಲ್ಲಿ ಮಂಗಳೂರಿನಿಂದ ಬೆಂಗಳೂರು ಮೂಲಕ ಹೋಗಿ ಬರುವ ದರ ₹16,000. ಮೇಲಿನ ₹2,500 ಯಾತಕ್ಕೆ ಅಂತ ಕೇಳಬೇಕು. ಮುಂದೆ ದರ ಏರಬಹುದು ಅಂತ ಕೆಲವರು ಸ್ವಲ್ಪ ಜಾಸ್ತಿ ಹಾಕಿಟ್ಟಿರುತ್ತಾರೆ. ಹಾಗಾಗಿ ಎರಡೂ ದರ ಬರೆಸಿಕೊಂಡು ಕಳೆದು ನೋಡುವುದನ್ನು ಬಿಡಬೇಡಿ. ಮಗುವಿಗೆ ಹೋಟೆಲಿನಲ್ಲಿ ರಿಯಾಯಿತಿ ಸಿಗುತ್ತದೆ, ವಿಮಾನದಲ್ಲಿ ಎರಡು ವರ್ಷ ತುಂಬಿದ ಮೇಲೆ ಸೀಟು ಬೇಕೇ ಬೇಕು, ದರವೂ ಹೆಚ್ಚುಕಡಿಮೆ ದೊಡ್ಡವರದ್ದೇ.

ನೀವೇ ಟಿಕೆಟ್ ಮಾಡುವುದಾದರೆ ಮಂಗಳೂರಿನಿಂದ ಪೋರ್ಟ್ ಬ್ಲೇರ್ ತನಕ ಒಂದೇ ಪಿಎನ್‌ಆರ್ ಇರಲಿ. ಮಂಗಳೂರು–ಬೆಂಗಳೂರು ಒಂದು ಟಿಕೆಟ್, ಬೆಂಗಳೂರು–ಪೋರ್ಟ್ ಬ್ಲೇರ್ ಇನ್ನೊಂದು ಅಂತ ಬೇರೆ ಬೇರೆ ತೆಗೆದರೆ ತಲೆಗೆ ಸಾವಿರ ಉಳಿಯಬಹುದು. ಆದರೆ ಬಜ್ಪೆಯಲ್ಲಿ ಮಳೆ ಬಂದು ಮೊದಲನೆಯದು ತಡವಾದರೆ ಎರಡನೆಯ ವಿಮಾನದವರ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಅಂದ ಹಾಗೆ, ಟಿಕೆಟ್‌ನಲ್ಲಿ ಮಂಗಳೂರು IXE, ಪೋರ್ಟ್ ಬ್ಲೇರ್ IXZ, ಒಂದಕ್ಷರದ ವ್ಯತ್ಯಾಸ. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ, ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಫೆರ್ರಿ ಬುಕ್ ಮಾಡುವಾಗ ಹೊಸ ಹೆಸರು ನೋಡಿ ಗಾಬರಿಯಾಗಬೇಡಿ.

ಕೊನೆಗೆ ಈ ಮನೆಯವರು ವಿಮಾನದ ಟಿಕೆಟ್ ತಾವೇ ಮಾಡಿದರು, ಒಂದೇ ಪಿಎನ್‌ಆರ್‌ನಲ್ಲಿ. ಉಳಿದದ್ದು ಪ್ಯಾಕೇಜ್, ಹೋಟೆಲ್ ಹೆಸರು ಬರೆಸಿಕೊಂಡು, ಹುಡುಗಿಗೆ ಮಗುವಿನ ದರದಲ್ಲಿ. ಅಜ್ಜಿ ಜೊತೆಗಿಲ್ಲದಿದ್ದರೆ ಅದನ್ನೂ ತಾವೇ ಮಾಡುತ್ತಿದ್ದೆವು ಅಂದರು. ನನಗೂ ಅದು ಸರಿ ಅನ್ನಿಸಿತು. ಇಬ್ಬರೇ ಹೋಗುವವರಿಗೆ ಒಂದು ರೂಮು ಸಾಕು, ಹ್ಯಾವ್‌ಲಾಕ್‌ನಲ್ಲಿ ಸ್ಕೂಟರ್ ಬಾಡಿಗೆಗೆ ಸಿಗುತ್ತದೆ, ಕಾರಿನ ಖರ್ಚೇ ಮಾಯ. ಡಿಸೆಂಬರ್ ಕೊನೆಯ ವಾರ ಬಿಟ್ಟು ಹೋಗುವ ಅಂಥ ಜೋಡಿಗಳಿಗೆ ನಾನು ಪ್ಯಾಕೇಜ್ ಪಟ್ಟಿ ತೋರಿಸುವುದೇ ಕಡಿಮೆ. ಫೆರ್ರಿಯ ಮೂರು ಟಿಕೆಟ್ ಮೊದಲು ತೆಗೆದುಕೊಳ್ಳಿ, ಆ ಸಮಯ ನೋಡಿಕೊಂಡು ಹೋಟೆಲ್ ಮಾಡಿ ಅಂತ ಹೇಳಿ ಕಳಿಸುತ್ತೇನೆ.